ಸಬ್‌ಸ್ಕ್ರಿಪ್ಷನ್ ಕಾರಿನ ಕಿಲೋಮೀಟರ್ ಮಿತಿ ಮತ್ತು ನಿರ್ವಹಣೆಯ ಲೆಕ್ಕ

ಪ್ರಶ್ನೆ: ತಿಂಗಳಿಗೆ 1,500 ಕಿ.ಮೀ. ಮಿತಿಯ ಸಬ್‌ಸ್ಕ್ರಿಪ್ಷನ್‌ನಲ್ಲಿ ಕಾರು ತೆಗೆದುಕೊಳ್ಳಬೇಕೆಂದಿದ್ದೇನೆ. ಕೆಲವು ತಿಂಗಳು ಓಡಾಟ ಕಡಿಮೆ, ಕೆಲವು ತಿಂಗಳು ತುಂಬಾ ಜಾಸ್ತಿ. ಹೆಚ್ಚುವರಿ ಶುಲ್ಕ ಹೇಗೆ ಬೀಳುತ್ತದೆ? ಮೇಂಟೆನೆನ್ಸ್ ಸೇರಿದೆ ಎಂದರೆ ಟೈರೂ ಸೇರಿತೇ?

ನಿಮ್ಮ ಓಡಾಟ ಏರುಪೇರಾಗಿರುವುದರಿಂದ, ಪ್ರತಿ ಕಿಲೋಮೀಟರಿನ ಹೆಚ್ಚುವರಿ ದರಕ್ಕಿಂತ ಮೊದಲು ಆ ಮಿತಿಯನ್ನು ಯಾವ ಅವಧಿಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಒಪ್ಪಂದದಲ್ಲಿ ಹುಡುಕಿ. ನಾಲ್ಕು ತಿಂಗಳಲ್ಲಿ ನೀವು ಕ್ರಮವಾಗಿ 1,000, 1,200, 900 ಮತ್ತು 2,700 ಕಿ.ಮೀ. ಓಡಿಸಿದಿರಿ ಎಂದುಕೊಳ್ಳೋಣ. ಒಟ್ಟು 5,800, ನಾಲ್ಕು ತಿಂಗಳ ಮಿತಿ 6,000. ಉಳಿದ ಕಿಲೋಮೀಟರುಗಳು ಮುಂದಿನ ತಿಂಗಳಿಗೆ ಸೇರುವಂತಿದ್ದರೆ ಅಥವಾ ಲೆಕ್ಕ ಕೊನೆಯಲ್ಲಿ ಒಟ್ಟಾಗಿ ಆಗುವಂತಿದ್ದರೆ ನೀವು ಏನನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ಆದರೆ ಪ್ರತಿ ತಿಂಗಳೂ ಲೆಕ್ಕ ಮುಗಿಸುವ ಒಪ್ಪಂದವಾದರೆ, ಮೊದಲ ಮೂರು ತಿಂಗಳಲ್ಲಿ ಉಳಿದದ್ದೆಲ್ಲ ವ್ಯರ್ಥವಾಗಿ, ನಾಲ್ಕನೆಯ ತಿಂಗಳ 1,200 ಕಿ.ಮೀ.ಗೆ ಪೂರ್ತಿ ಶುಲ್ಕ ಬೀಳುತ್ತದೆ. ಒಂದೇ ಕಾರು, ಒಂದೇ ಓಡಾಟ, ಒಂದೇ ದರ. ಬಿಲ್ ಮಾತ್ರ ಬೇರೆ. ನನ್ನ ಮಟ್ಟಿಗೆ ಇಡೀ ಒಪ್ಪಂದದಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ.

ದೊಡ್ಡ ಮಿತಿಯ ಪ್ಲಾನ್ ಬೇಕೇ ಎಂದು ತಿಳಿಯಲು, ಎರಡು ಪ್ಲಾನ್‌ಗಳ ಮಾಸಿಕ ಶುಲ್ಕದ ವ್ಯತ್ಯಾಸವನ್ನು ಹೆಚ್ಚುವರಿ ಕಿಲೋಮೀಟರಿನ ದರದಿಂದ ಭಾಗಿಸಿ. ಉತ್ತರ 300 ಬಂದರೆ, ತಿಂಗಳಿಗೆ ಸರಾಸರಿ 300 ಕಿ.ಮೀ.ಗಿಂತ ಹೆಚ್ಚು ಮಿತಿ ಮೀರುವವರಿಗೆ ಮಾತ್ರ ದೊಡ್ಡ ಪ್ಲಾನ್ ಲಾಭದ್ದು. ಅವಧಿಯ ಮಧ್ಯದಲ್ಲಿ ಪ್ಲಾನ್ ಬದಲಿಸಲು ಅವಕಾಶವಿದೆಯೇ ಎಂದೂ ಕೇಳಿ.

ಇನ್ನು ಮೇಂಟೆನೆನ್ಸ್. ಸಾಮಾನ್ಯವಾಗಿ ಅದರಲ್ಲಿ ಸೇರಿರುವುದು ತಯಾರಕರು ನಿಗದಿಪಡಿಸಿದ ಸರ್ವಿಸ್, ಅಂದರೆ ಎಂಜಿನ್ ಆಯಿಲ್, ಫಿಲ್ಟರ್ ಮುಂತಾದವು. ಬ್ರೇಕ್ ಪ್ಯಾಡ್, ವೈಪರ್, ಬ್ಯಾಟರಿ, ಟೈರುಗಳ ವಿಷಯದಲ್ಲಿ ಒಪ್ಪಂದಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಟೈರ್ ಸೇರಿದೆ ಎಂದು ಬರೆದಿದ್ದರೂ ಅದು ಹೆಚ್ಚಾಗಿ ಸಹಜ ಸವೆತಕ್ಕೆ ಮಾತ್ರ ಅನ್ವಯಿಸುತ್ತದೆ. ಪಂಕ್ಚರ್ ಆದರೆ, ಗುಂಡಿಗೆ ಬಿದ್ದು ಟೈರಿನ ಪಕ್ಕದ ಗೋಡೆ ಉಬ್ಬಿದರೆ ಅಥವಾ ಸೀಳಿದರೆ ಅದನ್ನು ಹಾನಿ ಎಂದು ಪರಿಗಣಿಸಿ ಖರ್ಚನ್ನು ನಿಮ್ಮ ಮೇಲೆ ಹಾಕಬಹುದು. ಕಡಿಮೆ ಗಾಳಿಯಲ್ಲೇ ಓಡಿಸಿದ ಟೈರು ಎರಡೂ ಅಂಚಿನಲ್ಲಿ ಹೆಚ್ಚು ಸವೆದಿರುತ್ತದೆ. ಪರಿಶೀಲಿಸುವವರು ಇದನ್ನು ಸುಲಭವಾಗಿ ಗುರುತಿಸುತ್ತಾರೆ.

ಹೆಚ್ಚು ಓಡಿಸುವವರು ಇನ್ನೊಂದನ್ನು ಗಮನಿಸಬೇಕು. ಸರ್ವಿಸ್ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ, ಎಂದಿದ್ದರೆ, ತಿಂಗಳಿಗೆ 2,000 ಓಡುವ ಕಾರಿಗೆ ಐದೇ ತಿಂಗಳಲ್ಲಿ ಅದು ಬರುತ್ತದೆ. ಸರ್ವಿಸ್ ಉಚಿತವಾದರೂ ಸಮಯಕ್ಕೆ ಕಾರು ಒಪ್ಪಿಸುವ ಹೊಣೆ ನಿಮ್ಮದಾಗಿರುತ್ತದೆ. ತಪ್ಪಿಸಿ ಎಂಜಿನ್ ಕೆಟ್ಟರೆ ಆ ರಿಪೇರಿ ಒಪ್ಪಂದದ ಹೊರಗೆ ಹೋಗಬಹುದು.

ಕಾರು ಪಡೆಯುವಾಗ, ಸರ್ವಿಸಿಗೆ ಕೊಡುವಾಗ, ವಾಪಸು ತರುವಾಗ ಓಡೋಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಸರ್ವಿಸ್ ಅವಧಿಯಲ್ಲಿ ಬದಲಿ ಕಾರು ಕೊಟ್ಟರೆ ಅದರ ಓಟವೂ ನಿಮ್ಮ ಮಿತಿಯಲ್ಲಿ ಸೇರುತ್ತದೆಯೇ ಎಂಬುದನ್ನು ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆಯಿರಿ.