ಕೊಟೇಶನ್ ಕೊಟ್ಟು ಮೂರು ತಿಂಗಳು: ಕಾರ್ಖಾನೆಯಲ್ಲಿ ಯಾರನ್ನು ಕಾಣಬೇಕು?

ಪ್ರಶ್ನೆ: ಹೊಸೂರು ಸಿಪ್‌ಕಾಟ್ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಸಿಎನ್‌ಸಿ ಯಂತ್ರದ ಕೂಲಂಟ್ ಟ್ಯಾಂಕಿನಲ್ಲಿ ತೇಲುವ ಎಣ್ಣೆ ತೆಗೆಯುವ ಬೆಲ್ಟ್ ಸ್ಕಿಮ್ಮರ್ ಮಾಡ್ತೀವಿ. ಬೆಲೆ 18,000 ರೂಪಾಯಿ. ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಡೆಮೊ ಕೊಟ್ಟೆ, ಮೆಂಟೆನೆನ್ಸ್‌ನವರು ತುಂಬಾ ಚೆನ್ನಾಗಿದೆ ಅಂದರು. ಪರ್ಚೇಸ್‌ಗೆ ಕೊಟೇಶನ್ ಕೊಟ್ಟು ಮೂರು ತಿಂಗಳಾಯ್ತು, ಕೇಳಿದಾಗಲೆಲ್ಲ ‘ನೋಡೋಣ’ ಅಂತಾರೆ. ಬೆಲೆ ಇಳಿಸಲೇ?

ಉತ್ತರ: ಇಳಿಸಬೇಡಿ. ಇಷ್ಟು ದಿನದಲ್ಲಿ ಒಬ್ಬರೂ ಬೆಲೆ ಜಾಸ್ತಿ ಅಂದಿಲ್ಲವಾದರೆ ಅಡ್ಡಿ ಬೆಲೆಯದ್ದಲ್ಲ. ಬಹುಶಃ ನಿಮ್ಮ ಸ್ಕಿಮ್ಮರ್‌ಗೆ ಇನ್ನೂ ಇಂಡೆಂಟ್ ಎದ್ದಿಲ್ಲ. ಬೇಕು ಅಂತ ಯಾವುದಾದರೂ ವಿಭಾಗ ಬರೆದುಕೊಡದೆ ಪರ್ಚೇಸ್‌ನವರು ತಾವಾಗಿ ಏನನ್ನೂ ಕೊಳ್ಳುವುದಿಲ್ಲ. ‘ನೋಡೋಣ’ ಅನ್ನುವುದನ್ನು ಬಿಟ್ಟರೆ ಅವರ ಕೈಯಲ್ಲಿ ಬೇರೆ ಉತ್ತರವೂ ಇಲ್ಲ.

ಕಂಪನಿಯ ಖರೀದಿಯ ಹಿಂದೆ ಬಳಸುವವರು, ಸಲಹೆ ಕೊಡುವವರು, ತೀರ್ಮಾನಿಸುವವರು, ಆರ್ಡರ್ ಹಾಕುವವರು, ಮಾಹಿತಿ ಒಳಗೆ ಬಿಡುವವರು ಹೀಗೆ ಬೇರೆಬೇರೆ ಜನ ಇರುತ್ತಾರೆಂದು ವೆಬ್‌ಸ್ಟರ್ ಮತ್ತು ವಿಂಡ್ ಎಂಬಿಬ್ಬರು 1972ರಲ್ಲೇ ಬರೆದಿದ್ದಾರೆ. ನಿಮ್ಮ ಕಾರ್ಖಾನೆಯಲ್ಲಿ ಆ ಜನ ಯಾರು ಅಂತ ತಿಳಿಯಲು ನೇರವಾಗಿ ‘ತೀರ್ಮಾನ ಯಾರದು’ ಅಂತ ಕೇಳಬೇಡಿ, ಹಾಗೆ ಕೇಳಿದರೆ ಎಲ್ಲರೂ ‘ನನ್ನದೇ’ ಅಂತಾರೆ. ಮೆಂಟೆನೆನ್ಸ್‌ನವರನ್ನು ಹೀಗೆ ಕೇಳಿ: “ಸರ್, ಹೋದ ಸಲ ಇಂಥ ಸಣ್ಣ ಉಪಕರಣ ತಗೊಂಡಾಗ ಇಂಡೆಂಟ್ ಯಾರು ಹಾಕಿದ್ರು? ಆಮೇಲೆ ಯಾರ್ಯಾರ ಸಹಿ ಆಯ್ತು? ಯಾರ ಬಜೆಟ್‌ಗೆ ಬಿತ್ತು?” ಆಗಿಹೋದ ಖರೀದಿಯ ಬಗ್ಗೆ ಜನ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಕೂಲಂಟ್‌ನ ಖರ್ಚು ಪ್ರೊಡಕ್ಷನ್ ಲೆಕ್ಕಕ್ಕೆ ಬೀಳುತ್ತಿದ್ದರೆ, ನಿಮ್ಮನ್ನು ಹೊಗಳಿದವರಿಗೆ ಇಂಡೆಂಟ್ ಹಾಕುವ ತುರ್ತೇ ಇಲ್ಲ. ಆಗ ನೀವು ಕಾಣಬೇಕಾದವರು ಪ್ರೊಡಕ್ಷನ್ ಮ್ಯಾನೇಜರ್. ಅವರ ಮುಂದೆ ಮೋಟಾರ್, ಬೆಲ್ಟಿನ ಅಗಲ ಅಂತ ಶುರು ಮಾಡಬೇಡಿ, ಅವರದೇ ಅಂಕಿ ಹಾಕಿ ಲೆಕ್ಕ ತೋರಿಸಿ. ಉದಾಹರಣೆಗೆ, ಟ್ಯಾಂಕು 200 ಲೀಟರ್, ನೀರಿಗೆ ಬೆರೆಸುವ ಕೂಲಂಟ್ ಎಣ್ಣೆ 6 ಪರ್ಸೆಂಟ್ ಅಂದರೆ ಒಂದು ಸಲ ತುಂಬಲು 12 ಲೀಟರ್ ಕೂಲಂಟ್ ಎಣ್ಣೆ ಬೇಕು. ಲೀಟರ್‌ಗೆ 250ರಂತೆ 3,000 ರೂಪಾಯಿ. ಟ್ಯಾಂಕು ತೊಳೆದು ತುಂಬಲು ಯಂತ್ರ 4 ಗಂಟೆ ನಿಂತರೆ, ಗಂಟೆಗೆ 500ರಂತೆ ಇನ್ನೊಂದು 2,000. ಮೂರು ತಿಂಗಳಿಗೊಮ್ಮೆ ಬದಲಿಸುತ್ತಿದ್ದದ್ದು ಆರು ತಿಂಗಳಿಗೆ ಹೋದರೆ ವರ್ಷಕ್ಕೆ ಎರಡು ಸಲ ತಪ್ಪಿತು, ಯಂತ್ರವೊಂದಕ್ಕೆ ಉಳಿದದ್ದು 10,000. ಒಂದು ಯಂತ್ರಕ್ಕೆ ಒಂದು ಸ್ಕಿಮ್ಮರ್ ಅಂದರೆ ಹಾಕಿದ ದುಡ್ಡು ಬರಲು ಹತ್ತಿರತ್ತಿರ ಎರಡು ವರ್ಷ. ಒಂದನ್ನೇ ನಾಲ್ಕು ಯಂತ್ರಕ್ಕೆ ಸರದಿಯಲ್ಲಿ ಹಾಕಿದರೆ ಆರು ತಿಂಗಳೊಳಗೆ ಬರುತ್ತದೆ.

ಈ ಕೊನೆಯ ಲೆಕ್ಕ ಮ್ಯಾನೇಜರ್‌ಗೆ ಹಿಡಿಸುತ್ತದೆ, ಆದರೆ ಅಲ್ಲೇ ಒಂದು ತೊಡಕೂ ಇದೆ. ಸ್ಕಿಮ್ಮರನ್ನು ಯಂತ್ರದಿಂದ ಯಂತ್ರಕ್ಕೆ ಎತ್ತಿಡುವವರು ಯಾರು? ಆಪರೇಟರ್. ಅವರಿಗೆ ಉಳಿತಾಯದ ಮಾತು ಹೇಳಿದರೆ ಹೆಚ್ಚುವರಿ ಕೆಲಸ ಅಂತಷ್ಟೇ ಕೇಳಿಸುತ್ತದೆ. ರಜೆ ಮುಗಿಸಿ ಸೋಮವಾರ ಯಂತ್ರ ಶುರು ಮಾಡಿದಾಗ ಬರುವ ಕೊಳೆತ ವಾಸನೆಯ ಬಗ್ಗೆ ಮಾತಾಡಿ. ನಿಂತ ಟ್ಯಾಂಕಿನ ಮೇಲೆ ಎಣ್ಣೆಯ ಪದರ ಕಟ್ಟಿದರೆ ಗಾಳಿ ಸಿಗದೆ ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಅದರದ್ದು. ಇದನ್ನು ಅವರ ಭಾಷೆಯಲ್ಲೇ ಹೇಳಿ. ನಮ್ಮ ಹೊಸೂರಿನ ಶಾಪ್‌ಫ್ಲೋರ್‌ನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬೇಕಾಗುತ್ತದೆ. ಸ್ಕಿಮ್ಮರ್‌ಗೆ ಚಕ್ರದ ಸ್ಟ್ಯಾಂಡ್ ಮಾಡಿಕೊಡಿ. ಎರಡು ವಾರ ಟ್ರಯಲ್‌ಗೆ ಬಿಟ್ಟು, ಯಾರೂ ಹೇಳದಿದ್ದರೂ ಅದು ಮುಂದಿನ ಯಂತ್ರಕ್ಕೆ ಹೋಗುತ್ತಿದೆಯೇ ನೋಡಿ. ಮೂಲೆ ಸೇರಿದ್ದರೆ ನಾಲ್ಕು ಯಂತ್ರದ ಲೆಕ್ಕವನ್ನು ಮ್ಯಾನೇಜರ್‌ಗೆ ಕೊಡಲೇಬೇಡಿ, ಎರಡು ಯಂತ್ರದ್ದು ಕೊಡಿ.

ಮೆಂಟೆನೆನ್ಸ್‌ನವರನ್ನು ಕೈಬಿಡಬೇಡಿ. ಅವರು ಆರ್ಡರ್ ಹಾಕಿಸಲಾರದಿದ್ದರೂ ತಡೆಯಬಲ್ಲರು. ಬೆಲ್ಟ್ ಎಷ್ಟು ದಿನ ಬರುತ್ತದೆ, ಬದಲಿ ಎಲ್ಲಿ ಸಿಗುತ್ತದೆ ಅನ್ನುವುದು ಅವರ ಚಿಂತೆ. ಕೂಲಂಟ್‌ನಲ್ಲಿ ಹಾಲಿನಂತೆ ಬೆರೆತುಹೋದ ಎಣ್ಣೆಯನ್ನು ಸ್ಕಿಮ್ಮರ್ ತೆಗೆಯುವುದಿಲ್ಲ, ತೇಲುವುದನ್ನು ಮಾತ್ರ ತೆಗೆಯುತ್ತದೆ ಅಂತ ನೀವೇ ಮೊದಲು ಹೇಳಿಬಿಡಿ. ಆಮೇಲೆ ಅವರಾಗಿ ಕಂಡುಕೊಂಡರೆ ಎಲ್ಲರೆದುರು ಅದನ್ನೇ ಎತ್ತುತ್ತಾರೆ. ಈ ಜನರೆಲ್ಲ ಒಂದೇ ಮೀಟಿಂಗ್‌ನಲ್ಲಿ ಕೂರುವವರು. ಒಬ್ಬೊಬ್ಬರಿಗೆ ಒತ್ತಿ ಹೇಳುವ ವಿಷಯ ಬೇರೆಯಾಗಬಹುದು, ಅಂಕಿ ಮಾತ್ರ ಎಲ್ಲರ ಹತ್ತಿರವೂ ಒಂದೇ ಇರಬೇಕು.

ಪರ್ಚೇಸ್‌ನವರಿಗೆ ಬೇಕಾದದ್ದು ಕಾಗದಪತ್ರ: ಜಿಎಸ್‌ಟಿ, ಉದ್ಯಮ್ ನೋಂದಣಿ, ವೆಂಡರ್ ಫಾರ್ಮ್, ಡೆಲಿವರಿ ದಿನ. ಬೇರೆ ಕೊಟೇಶನ್‌ಗಳ ಜೊತೆ ಹೋಲಿಸುವುದು ಅವರ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ. ಇಂಡೆಂಟ್ ನಂಬರ್ ಬಂದ ಮೇಲೂ ಅವರು ಸುಮ್ಮನಿದ್ದರೆ, ಆಗ ಬೆಲೆಯ ಮಾತಾಡಿ. ಅದನ್ನೂ ಸುಮ್ಮನೆ ಇಳಿಸದೆ, ಎರಡು ತಗೊಂಡರೆ ಇಷ್ಟು ಅಂತ ಹೇಳಿ.