ಅರಬ್ಬಿ ಎಣಿಕೆಯಲ್ಲಿ ಲಿಂಗ ಯಾಕೆ ಉಲ್ಟಾ?

"ಅರಬ್ಬಿಯಲ್ಲಿ ಹೊಸ ಪುಸ್ತಕಗಳು ಅನ್ನೋಕೆ ಕುತುಬ್ ಜದೀದಾ ಅಂತ ಗುಣವಾಚಕ ಸ್ತ್ರೀಲಿಂಗದಲ್ಲಿ ಬರುತ್ತೆ. ಹಾಗಾದ್ರೆ ಮೂರು ಪುಸ್ತಕ ಅನ್ನೋಕೆ 'ಥಲಾಥು ಕುತುಬ್' ಬರೆದೆ, ಮೇಷ್ಟ್ರು ತಪ್ಪು ಅಂದ್ರು. ಯಾಕೆ?"

ನೀವು ಬಹುವಚನ ನೋಡಿ ಲಿಂಗ ತೀರ್ಮಾನಿಸಿದ್ದೀರಿ. ಸಂಖ್ಯೆ ನೋಡುವುದು ಏಕವಚನವನ್ನು. ಕುತುಬ್ ಪದದ ಏಕವಚನ ಕಿತಾಬ್, ಅದು ಪುಲ್ಲಿಂಗ. ಮೂರರಿಂದ ಹತ್ತರವರೆಗೆ ಸಂಖ್ಯೆ ಅದಕ್ಕೆ ವಿರುದ್ಧ ಲಿಂಗದ ರೂಪ ಹಾಕಿಕೊಳ್ಳುತ್ತದೆ. ಹಾಗಾಗಿ ಸ್ತ್ರೀಲಿಂಗದ 'ತ' ಸೇರಿ 'ಥಲಾಥತು ಕುತುಬ್'. ಸಯ್ಯಾರಾ, ಅಂದರೆ ಕಾರು, ಸ್ತ್ರೀಲಿಂಗ. ಅಲ್ಲಿ ಆ 'ತ' ಬಿದ್ದುಹೋಗಿ 'ಥಲಾಥು ಸಯ್ಯಾರಾತ್' ಆಗುತ್ತದೆ.

ನಿಜವಾದ ಬಲೆ ಹಮ್ಮಾಮ್, ಅಂದರೆ ಬಚ್ಚಲುಮನೆ. ಬಹುವಚನ ಹಮ್ಮಾಮಾತ್. ಕೊನೆಯ 'ಆತ್' ನೋಡಿ ಸ್ತ್ರೀಲಿಂಗ ಅನ್ನಿಸುತ್ತೆ, ಅಲ್ವಾ? ಆದರೆ ಏಕವಚನ ಪುಲ್ಲಿಂಗ, ಆದ್ದರಿಂದ 'ಥಲಾಥತು ಹಮ್ಮಾಮಾತ್' ಸರಿ.

ಈಗ ನಿಮ್ಮ ಜದೀದಾ. 'ಥಲಾಥತು ಕುತುಬಿನ್ ಜದೀದತಿನ್' ಅಂದಾಗ ಎರಡು ಕಡೆಯೂ 'ತ' ಕಾಣುತ್ತೆ, ಕಾರಣ ಮಾತ್ರ ಬೇರೆ. ಸಂಖ್ಯೆಯಲ್ಲಿ ಅದು ಬಂದದ್ದು ಕಿತಾಬ್ ಪುಲ್ಲಿಂಗವಾದ್ದರಿಂದ. ಗುಣವಾಚಕದಲ್ಲಿ ಬಂದದ್ದು, ಮನುಷ್ಯರಲ್ಲದ ವಸ್ತುಗಳ ಬಹುವಚನಕ್ಕೆ ಸ್ತ್ರೀಲಿಂಗ ಏಕವಚನ ಹೊಂದುವುದರಿಂದ. ಇವೆರಡನ್ನು ಬೆರೆಸಿದ್ದೇ ನಿಮ್ಮ ಎಡವಟ್ಟು.

ಹತ್ತು ದಾಟಿದರೆ ಇನ್ನೊಂದು ತಮಾಷೆ: ಹನ್ನೊಂದಕ್ಕೆ ನಾಮಪದ ಏಕವಚನಕ್ಕೆ ಮರಳುತ್ತದೆ, 'ಅಹದ ಅಶರ ಕಿತಾಬನ್'. ನಮ್ಮ 'ಹನ್ನೊಂದು ಪುಸ್ತಕ'ದ ಹಾಗೇ!

ಇದೆಲ್ಲ ಬರವಣಿಗೆಯ ಅರಬ್ಬಿಗೆ. ಈಜಿಪ್ಟಿನವರು ಮಾತಾಡುವಾಗ ಸುಮ್ನೆ 'ತಲತ್ ಕುತುಬ್' ಅಂತಾರೆ. ಪರೀಕ್ಷೆಯಲ್ಲಿ ಹಾಗೆ ಬರೀಬೇಡಿ.