ಎರಡಕ್ಕೂ 25% ಹಾಕಿದರೆ ಸವಕಳಿ ತಾಳೆಯಾಗದು

ಪ್ರಶ್ನೆ: ಯಂತ್ರದ ಬೆಲೆ 1,00,000, ನಾಲ್ಕು ವರ್ಷದ ಬಾಳಿಕೆ, ಕೊನೆಗೆ ಗುಜರಿ ಬೆಲೆ 12,960. ಸವಕಳಿ ಲೆಕ್ಕ ಹಾಕುವ ಸ್ಟ್ರೈಟ್ ಲೈನ್, ರಿಡ್ಯೂಸಿಂಗ್ ಬ್ಯಾಲೆನ್ಸ್ ಎಂಬ ಎರಡೂ ಪದ್ಧತಿಗೆ 25% ಹಾಕಿದೆ. ಕೊನೆಯಲ್ಲಿ ಎರಡೂ ಒಂದೇ ಬರುತ್ತಿಲ್ಲ. ಎಲ್ಲಿ ತಪ್ಪಿದೆ?

ತಪ್ಪಿರುವುದು ದರದಲ್ಲಿ. ನಾನೂ ಲೆಕ್ಕ ಕಲಿಯುವಾಗ ಇದೇ ಜಾಗದಲ್ಲಿ ಎಡವಿದ್ದೆ.

ಸ್ಟ್ರೈಟ್ ಲೈನ್‌ನಲ್ಲಿ ಬೆಲೆಯಿಂದ ಗುಜರಿ ಬೆಲೆ ಕಳೆದು, ಉಳಿದ 87,040ನ್ನು ನಾಲ್ಕು ಪಾಲು ಮಾಡುತ್ತೀರಿ. ಪ್ರತಿ ವರ್ಷ 21,760. ಅಲ್ಲಿ ನಿಮ್ಮ 25% ಸರಿ. ಇನ್ನೊಂದರಲ್ಲಿ ದರ ಬೀಳುವುದು ಹಿಂದಿನ ವರ್ಷ ಉಳಿದ ಮೊತ್ತದ ಮೇಲೆ. ಮೊತ್ತ ಕುಗ್ಗಿದಂತೆ ಸವಕಳಿಯೂ ಕುಗ್ಗುವುದರಿಂದ 25%ರಲ್ಲಿ ನಾಲ್ಕು ವರ್ಷದ ನಂತರವೂ 31,641 ಪುಸ್ತಕದಲ್ಲೇ ಉಳಿದುಬಿಡುತ್ತದೆ. ಗುಜರಿ ಬೆಲೆಗೆ ಬಂದು ನಿಲ್ಲುವ ದರ ಬೇಕೆಂದರೆ ಹೀಗೆ ತೆಗೆಯಬೇಕು:

```
1 − (12960 ÷ 100000)^(1/4) = 0.40
```

ಅಂದರೆ 40%. ಈ ದರದೊಳಗೆ ಗುಜರಿ ಬೆಲೆ ಆಗಲೇ ಸೇರಿದೆ. ಹಾಗಾಗಿ ಅದನ್ನು ಮೊದಲೇ ಕಳೆಯದೆ ಪೂರ್ತಿ 1,00,000ದ ಮೇಲೆಯೇ ಶುರುಮಾಡಿ. ಸವಕಳಿ 40,000, 24,000, 14,400, 8,640 ಎಂದು ಇಳಿಯುತ್ತದೆ. ಕೂಡಿಸಿ ನೋಡಿ, ಅದೇ 87,040.

ಈಗ ಲಾಭಕ್ಕೆ ಬನ್ನಿ. ಸವಕಳಿ ಕಳೆಯುವ ಮೊದಲಿನ ಲಾಭ ಪ್ರತಿ ವರ್ಷ 50,000 ಎಂದಿಟ್ಟುಕೊಳ್ಳೋಣ. ಸ್ಟ್ರೈಟ್ ಲೈನ್‌ನಲ್ಲಿ ನಾಲ್ಕೂ ವರ್ಷ 28,240 ಉಳಿಯುತ್ತದೆ. ಇನ್ನೊಂದರಲ್ಲಿ ಮೊದಲ ವರ್ಷ ಬರೀ 10,000, ಆಮೇಲೆ 26,000, 35,600, 41,360. ವ್ಯಾಪಾರ ಏನೂ ಬದಲಾಗಿಲ್ಲ, ಆದರೂ ಲಾಭ ವರ್ಷ ವರ್ಷ ಬೆಳೆಯುತ್ತಿದೆ ಎಂದು ಕಾಣುತ್ತದೆ. ಬೇರೆ ಬೇರೆ ಪದ್ಧತಿ ಇಟ್ಟುಕೊಂಡ ಎರಡು ಸಂಸ್ಥೆಗಳ ಲಾಭವನ್ನು ನೇರವಾಗಿ ಹೋಲಿಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. (ಯಂತ್ರ ಹಳತಾದಂತೆ ರಿಪೇರಿ ಖರ್ಚು ಏರುವಂತಿದ್ದರೆ, ಇಳಿಯುವ ಸವಕಳಿ ಅದಕ್ಕೆ ಸರಿದೂಗುತ್ತದೆ. ಅಂಥ ಕಡೆ ನಾನು ಆರಿಸುವುದು ರಿಡ್ಯೂಸಿಂಗ್ ಬ್ಯಾಲೆನ್ಸ್ ಅನ್ನೇ.)

ಆಸ್ತಿಯ ಮೌಲ್ಯದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಯಂತ್ರವನ್ನು ನಡುವೆ ಮಾರಿದಾಗ. ಎರಡನೇ ವರ್ಷದ ಕೊನೆಗೆ ಸ್ಟ್ರೈಟ್ ಲೈನ್ ಪುಸ್ತಕದಲ್ಲಿ ಅದರ ಮೌಲ್ಯ 56,480, ಇನ್ನೊಂದರಲ್ಲಿ 36,000. ಅದನ್ನು 45,000ಕ್ಕೆ ಮಾರಿದಿರಿ ಎನ್ನಿ. ಮೊದಲನೆಯದು 11,480 ನಷ್ಟ ತೋರಿಸುತ್ತದೆ, ಎರಡನೆಯದು 9,000 ಲಾಭ. ಒಂದೇ ಯಂತ್ರ, ಒಂದೇ ಗಿರಾಕಿ. ಆದರೆ ಆ ನಷ್ಟವನ್ನು ಎರಡು ವರ್ಷದ ಸವಕಳಿಗೆ ಸೇರಿಸಿ, ಈ ಲಾಭವನ್ನು ಅದರ ಸವಕಳಿಯಿಂದ ಕಳೆಯಿರಿ: 43,520 + 11,480, 64,000 − 9,000. ಎರಡೂ ಕಡೆ ಯಂತ್ರದ ಒಟ್ಟು ಖರ್ಚು 55,000ವೇ ಬರುತ್ತದೆ. ಕೊಟ್ಟದ್ದು 1,00,000, ಮರಳಿ ಬಂದದ್ದು 45,000.